ಒಂದು ಗುದ್ದು, ಒಂಬತ್ತು ದಿನದ ನಂತರ ಸಾವು: ಕಾರಣದ ಸರಪಳಿಯನ್ನು ಹಿಡಿದು ನೋಡುವುದು ಹೇಗೆ?

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಇಬ್ಬರು ಪಕ್ಕದ ಹೊಲದವರು. ಬದು ಒತ್ತುವರಿ ಆಗಿದೆ ಅಂತ ಬೆಳಗ್ಗೆ ಹತ್ತು ಗಂಟೆಗೆ ಮಾತಿಗೆ ಮಾತು ಬೆಳೆಯಿತು. ಒಬ್ಬ ಇನ್ನೊಬ್ಬನ ಎಡ ಪಕ್ಕೆಗೆ ಒಂದೇ ಸಲ ಮುಷ್ಟಿಯಿಂದ ಗುದ್ದಿದ. ಗುದ್ದಿಸಿಕೊಂಡವನು ಅಲ್ಲೇ ಕೂತ, ನೀರು ಕುಡಿದ, ನಡೆದುಕೊಂಡೇ ಮನೆಗೆ ಹೋದ. ಸಂಜೆ ಹೊಟ್ಟೆನೋವು ಶುರುವಾಯಿತು, ಎಡ ಭುಜವೂ ಎಳೆಯುತ್ತಿತ್ತು. ತಾಲ್ಲೂಕು ಕೇಂದ್ರದ ಆಸ್ಪತ್ರೆಯೊಂದರಲ್ಲಿ ನೋವಿನ ಇಂಜೆಕ್ಷನ್ ಕೊಟ್ಟು ಕಳಿಸಿದರು. ಮಾರನೇ ದಿನ ಬಚ್ಚಲಲ್ಲಿ ತಲೆಸುತ್ತಿ ಬಿದ್ದ. ದೊಡ್ಡ ಆಸ್ಪತ್ರೆಗೆ ಸೇರಿಸಿದಾಗ ಸ್ಕ್ಯಾನ್‌ನಲ್ಲಿ ಗುಲ್ಮ, ಅಂದರೆ ಎಡ ಪಕ್ಕೆಯ ಒಳಗಿರುವ ಸ್ಪ್ಲೀನ್, ಹರಿದಿರುವುದು ಕಂಡಿತು. ಆಪರೇಷನ್ ಮಾಡಿ ಗುಲ್ಮವನ್ನು ತೆಗೆದರು. ಐದನೇ ದಿನ ಸೋಂಕು, ಒಂಬತ್ತನೇ ದಿನ ಸಾವು. ಹಳೇ ಕಾಯಿಲೆಯಿಂದ ಅವನ ಗುಲ್ಮ ಮೊದಲೇ ಊದಿಕೊಂಡಿತ್ತು ಅಂತ ಆಮೇಲೆ ಗೊತ್ತಾಯಿತು.

ಸತ್ತವನ ಮನೆಯವರು "ಇದು ಕೊಲೆ" ಅನ್ನುತ್ತಾರೆ. ಆರೋಪಿಯ ಕಡೆಯವರು "ಕಾಯಿಲೆ ಇತ್ತು, ಡಾಕ್ಟರು ಕೈಬಿಟ್ಟರು, ಗುದ್ದಿಗೆ ಯಾರಾದರೂ ಸಾಯ್ತಾರಾ?" ಅನ್ನುತ್ತಾರೆ. ಎರಡು ಕಡೆಯವರ ಮಾತಿನಲ್ಲೂ ಅರ್ಧ ನಿಜ ಇದೆ. ಇಬ್ಬರೂ ಎರಡು ಬೇರೆ ಪ್ರಶ್ನೆಗಳನ್ನು ಒಂದೇ ಗಂಟಿಗೆ ಕಟ್ಟುತ್ತಿದ್ದಾರೆ. ಸಾವಿಗೆ ಕಾರಣ ಯಾರು ಅನ್ನುವುದು ಒಂದು ಪ್ರಶ್ನೆ. ಆ ಸಾವಿಗೆ ಅವನು ಯಾವ ಅಪರಾಧದ ಹೊಣೆ ಹೊರಬೇಕು ಅನ್ನುವುದು ಇನ್ನೊಂದು. ಈ ಗಂಟು ಬಿಚ್ಚದೆ ವಾದಕ್ಕೆ ಇಳಿದ ಕೇಸುಗಳು ದಾರಿ ತಪ್ಪುವುದನ್ನು ನೋಡಿದ್ದೇನೆ. ಹಾಗಾಗಿ ಇಂಥ ಫೈಲು ಕೈಗೆ ಬಂದರೆ ನಾನು ಯಾವ ಕ್ರಮದಲ್ಲಿ ಓದುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾನೂನು ಓದುತ್ತಿರುವವರಿಗೆ, ಹೊಸದಾಗಿ ಕ್ರಿಮಿನಲ್ ಕೇಸು ನಡೆಸುವ ವಕೀಲರಿಗೆ, ಮನೆಯಲ್ಲಿ ಇಂಥದ್ದು ನಡೆದು ದಿಕ್ಕು ತೋಚದೆ ಕೂತವರಿಗೆ ಇದು ನೆರವಾಗಬೇಕು ಅನ್ನುವುದು ನನ್ನ ಆಸೆ.

ಮೊದಲೇ ಒಂದು ಮಾತು. ಘಟನೆ 2024ರ ಜುಲೈ 1ಕ್ಕಿಂತ ಮೊದಲು ನಡೆದಿದ್ದರೆ ಐಪಿಸಿ, ಆಮೇಲೆ ನಡೆದಿದ್ದರೆ ಭಾರತೀಯ ನ್ಯಾಯ ಸಂಹಿತೆ. ನಮ್ಮ ವಿಷಯದ ಮಟ್ಟಿಗೆ ಸೆಕ್ಷನ್ ನಂಬರ್‌ಗಳು ಬದಲಾಗಿವೆ, ತಿರುಳು ಅದೇ ಇದೆ. ಐಪಿಸಿಯ 299 ಈಗ ಸಂಹಿತೆಯ 100, ಅಂದರೆ ದಂಡಾರ್ಹ ನರಹತ್ಯೆ. 300 ಈಗ 101, ಅಂದರೆ ಕೊಲೆ. ಇವೆರಡನ್ನು ನೆನಪಿಟ್ಟುಕೊಂಡರೆ ಮುಂದಿನದ್ದು ಸಲೀಸು.

ಹೆಜ್ಜೆ 1: ಗಂಟೆ ಸಮೇತ ಗೆರೆ ಎಳೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಎಡ ತುದಿಯಲ್ಲಿ ಏಟು, ಬಲ ತುದಿಯಲ್ಲಿ ಸಾವು. ನಡುವೆ ನಡೆದ ಒಂದೊಂದನ್ನೂ ದಿನ, ಗಂಟೆ ಹಾಕಿ ಬರೆಯಿರಿ. ಒಂದೊಂದರ ಕೆಳಗೂ ಅದಕ್ಕೆ ಯಾವ ಕಾಗದ ಸಾಕ್ಷಿ ಅಂತ ಬರೆಯಿರಿ. ಎಫ್‌ಐಆರ್, ಮೊದಲ ಆಸ್ಪತ್ರೆಯ ವೂಂಡ್ ಸರ್ಟಿಫಿಕೇಟ್, ಓಪಿಡಿ ಚೀಟಿ, ಎರಡನೇ ಆಸ್ಪತ್ರೆಯ ಕೇಸ್ ಶೀಟ್, ಆಪರೇಷನ್ ನೋಟ್ಸ್, ಸಾವಿನ ಮೆಮೊ, ಶವ ಮಹಜರು, ಪೋಸ್ಟ್‌ಮಾರ್ಟಂ ವರದಿ.

ಕಾಗದ ಇಲ್ಲದ ಜಾಗ ಖಾಲಿಯಾಗಿಯೇ ಕಾಣಲಿ. ಕೇಸು ನಿಲ್ಲುವುದೂ ಬೀಳುವುದೂ ಆ ಖಾಲಿ ಜಾಗಗಳಲ್ಲೇ. ನಮ್ಮ ಉದಾಹರಣೆಯಲ್ಲಿ ಮೊದಲ ದಿನದ ಸಂಜೆಯ ಓಪಿಡಿ ಚೀಟಿ ಯಾರಿಗೂ ಬೇಡವಾದ ಚೂರು ಕಾಗದದ ಹಾಗೆ ಕಾಣುತ್ತದೆ. ಆದರೆ "ಎಡ ಪಕ್ಕೆಗೆ ಗುದ್ದಿದ್ದಾರೆ, ಎಡ ಭುಜ ನೋವು" ಅಂತ ಅದರಲ್ಲಿ ಒಂದು ಸಾಲಿದ್ದರೆ ಸರಪಳಿಯ ಮೊದಲ ಕೊಂಡಿ ಗಟ್ಟಿಯಾಯಿತು. ಗುಲ್ಮದಿಂದ ರಕ್ತ ಸೋರಿದಾಗ ನೋವು ಎಡ ಭುಜಕ್ಕೆ ಹೋಗುತ್ತದೆ ಅನ್ನುವುದು ಸರ್ಜನ್‌ಗಳಿಗೆ ಚೆನ್ನಾಗಿ ಗೊತ್ತು. ಆ ಸಾಲು ಇಲ್ಲದಿದ್ದರೆ ಎದುರಿನವರು ಕೇಳುವ ಪ್ರಶ್ನೆ ಈಗಲೇ ಕಿವಿಗೆ ಬೀಳುತ್ತದೆ: "ಮಾರನೇ ದಿನ ಬಚ್ಚಲಲ್ಲಿ ಬಿದ್ದಾಗಲೇ ಗುಲ್ಮ ಹರಿದಿರಬಹುದು, ಅಲ್ವಾ ಡಾಕ್ಟ್ರೇ?"

ಹೆಜ್ಜೆ 2: ಆ ಏಟು ಇಲ್ಲದಿದ್ದರೆ?

ಗೆರೆಯ ಎಡ ತುದಿಯನ್ನು ಅಳಿಸಿ ನೋಡಿ. ಗುದ್ದು ಬೀಳದೇ ಇದ್ದಿದ್ದರೂ ಅವನು ಅದೇ ದಿನ, ಅದೇ ರೀತಿ ಸಾಯುತ್ತಿದ್ದನೇ? ಹೌದು ಅಂತಾದರೆ ಸಾವಿನ ಹೊಣೆ ಅಲ್ಲಿಗೆ ಮುಗಿಯಿತು.

ಇಂಗ್ಲೆಂಡಿನಲ್ಲಿ 1910ರಲ್ಲಿ ತೀರ್ಪಾದ ವೈಟ್ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಮಗ ತಾಯಿಯ ಪಾನೀಯಕ್ಕೆ ಸಯನೈಡ್ ಹಾಕಿದ. ತಾಯಿ ಸತ್ತಳು. ಆದರೆ ವಿಷದಿಂದಲ್ಲ, ಹೃದಯ ನಿಂತು. ಮಗನಿಗೆ ಕೊಲ್ಲುವ ಮನಸ್ಸಿತ್ತು, ಸಾವೂ ಆಯಿತು, ಎರಡರ ನಡುವೆ ಕೊಂಡಿ ಮಾತ್ರ ಇರಲಿಲ್ಲ. ಅವನಿಗೆ ಶಿಕ್ಷೆಯಾದದ್ದು ಕೊಲೆ ಯತ್ನಕ್ಕೆ, ಕೊಲೆಗಲ್ಲ.

ನಮ್ಮ ಉದಾಹರಣೆಯಲ್ಲಿ ಗುದ್ದಿಲ್ಲದೆ ಗುಲ್ಮ ಹರಿಯುತ್ತಿರಲಿಲ್ಲ, ಆಪರೇಷನ್ ಆಗುತ್ತಿರಲಿಲ್ಲ, ಸೋಂಕೂ ಬರುತ್ತಿರಲಿಲ್ಲ. ಹಾಗಾಗಿ ಈ ಹೆಜ್ಜೆ ದಾಟಿತು.

ಹೆಜ್ಜೆ 3: "ಅದಿಲ್ಲದಿದ್ದರೆ ಆಗುತ್ತಿರಲಿಲ್ಲ" ಅನ್ನುವುದಷ್ಟೇ ಸಾಲದು

ಹಿಂದಿನ ಹೆಜ್ಜೆಯಲ್ಲಿ ಒಂದು ತೊಂದರೆ ಇದೆ. ಅದು ತುಂಬ ಜನರನ್ನು ಒಳಗೆ ಬಿಡುತ್ತದೆ. ಬೆಳಗ್ಗೆ ಅವನನ್ನು ಹೊಲಕ್ಕೆ ಕಳಿಸಿದ ಹೆಂಡತಿ ಕಳಿಸದೇ ಇದ್ದಿದ್ದರೂ ಅವನು ಸಾಯುತ್ತಿರಲಿಲ್ಲ. ಹಾಗಾಗಿ ಕಾನೂನು ಇನ್ನೊಂದು ಜರಡಿ ಹಿಡಿಯುತ್ತದೆ: ಸಾವನ್ನು ನಿಜವಾಗಿ ತಂದ ಕಾರಣ ಯಾವುದು?

ನಮ್ಮ ಸುಪ್ರೀಂ ಕೋರ್ಟ್ ಇದನ್ನು 1965ರ ರಂಗವಾಲಾ ಪ್ರಕರಣದಲ್ಲಿ ವಿವರಿಸಿತು. ಬಾಂಬೆಯ ಒಂದು ಪೇಂಟ್ ಕಾರ್ಖಾನೆ. ಬೆಂಕಿ ಬಳಸದ ವಿಧಾನಕ್ಕೆ ಮಾತ್ರ ಲೈಸೆನ್ಸ್ ಇತ್ತು. ಮಾಲೀಕ ಅದೇ ಕೋಣೆಯಲ್ಲಿ ಬರ್ನರ್ ಉರಿಸಲು ಬಿಟ್ಟಿದ್ದ. ಒಂದು ದಿನ ಕೆಲಸಗಾರನೊಬ್ಬ ಕರಗಿಸಿದ ಬಿಸಿ ಮಾಲು ಆರುವ ಮೊದಲೇ ಟರ್ಪೆಂಟೈನ್ ಸುರಿದ. ನೊರೆ ಉಕ್ಕಿ ಬೆಂಕಿ ಹತ್ತಿತು, ಏಳು ಜನ ಸತ್ತರು. ಬರ್ನರ್ ಇಡಲು ಬಿಡದಿದ್ದರೆ ಬೆಂಕಿಯೇ ಇಲ್ಲ, ನಿಜ. ಆದರೂ ಸಾವಿಗೆ ನೇರವಾದ, ಹತ್ತಿರದ ಕಾರಣ ಅವಸರಪಟ್ಟು ಟರ್ಪೆಂಟೈನ್ ಸುರಿದದ್ದು ಅಂತ ಕೋರ್ಟ್ ಹೇಳಿತು. ನಿರ್ಲಕ್ಷ್ಯದಿಂದ ಸಾವು ತಂದ ಆರೋಪದಿಂದ ಮಾಲೀಕ ಬಿಡುಗಡೆಯಾದ. ಬೆಂಕಿಯ ವಿಷಯದಲ್ಲಿ ತೋರಿದ ನಿರ್ಲಕ್ಷ್ಯಕ್ಕೆ ಮಾತ್ರ ಶಿಕ್ಷೆ ಉಳಿಯಿತು. ಏಳು ಜೀವ ಹೋದ ಕಡೆ ಈ ತೀರ್ಪು ಓದಲು ಕಷ್ಟವಾಗುತ್ತದೆ, ನನಗೂ ಆಗಿದೆ. ಆದರೆ ನಿರ್ಲಕ್ಷ್ಯದ ಕೇಸುಗಳಲ್ಲಿ, ಈಗಿನ ಸಂಹಿತೆಯ ಸೆಕ್ಷನ್ 106ರ ಅಡಿಯಲ್ಲೂ, ಕೋರ್ಟುಗಳು ಇವತ್ತಿಗೂ ಹಿಡಿಯುವ ಅಳತೆಗೋಲು ಇದೇ.

ಲೈಸೆನ್ಸ್ ಇಲ್ಲದೆ ಗಾಡಿ ಓಡಿಸಿದ ಕೇಸುಗಳಿಗೂ ಇದೇ ಮಾತು. ಲೈಸೆನ್ಸ್ ಇಲ್ಲದಿರುವುದು ಬೇರೆ ತಪ್ಪು. ಓಡಿಸಿದ ರೀತಿಯೇ ಸಾವಿಗೆ ಕಾರಣ ಅಂತ ತೋರಿಸದಿದ್ದರೆ ಸಾವಿನ ಆರೋಪ ನಿಲ್ಲದು. 1968ರ ಸುಲೇಮಾನ್ ಮುಲಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ.

ನಮ್ಮ ಗುದ್ದಿನ ಕತೆಯಲ್ಲಿ ಈ ಜರಡಿ ಅಷ್ಟು ಕಾಡುವುದಿಲ್ಲ. ಗುದ್ದಿದ್ದು ನೇರವಾಗಿ ಗುಲ್ಮದ ಮೇಲೆಯೇ.

ಹೆಜ್ಜೆ 4: ಏಟು ತಿಂದ ಮೈ ಹೇಗಿತ್ತೋ ಹಾಗೆಯೇ ಲೆಕ್ಕ

ಈಗ ತೆಳು ತಲೆಬುರುಡೆಯ ನಿಯಮಕ್ಕೆ ಬಂದೆವು. ಹೆಸರು ಬಂದದ್ದು ಒಂದು ಕಲ್ಪನೆಯಿಂದ: ಎಲ್ಲರಿಗೂ ಬುಗುಟು ಏಳಿಸುವಷ್ಟು ಏಟು, ತಲೆಬುರುಡೆ ಮೊಟ್ಟೆಯ ಸಿಪ್ಪೆಯಷ್ಟು ತೆಳ್ಳಗಿದ್ದವನಿಗೆ ಬಿತ್ತು, ಅವನು ಸತ್ತ. ಹೊಡೆದವನು "ಅವನ ಬುರುಡೆ ಗಟ್ಟಿ ಇರಬೇಕಿತ್ತು" ಅನ್ನುವ ಹಾಗಿಲ್ಲ. ಏಟು ತಿಂದವನು ಸಿಕ್ಕ ಸ್ಥಿತಿಯಲ್ಲೇ ಅವನನ್ನು ಒಪ್ಪಿಕೊಳ್ಳಬೇಕು.

ನಮ್ಮಲ್ಲಿ ಇದು ಸೆಕ್ಷನ್ 100ರ ಮೊದಲ ವಿವರಣೆಯಲ್ಲೇ ಇದೆ. ಕಾಯಿಲೆ ಇರುವವನಿಗೋ ಮೈಯಲ್ಲಿ ಊನ ಇರುವವನಿಗೋ ಗಾಯ ಮಾಡಿ ಅವನ ಸಾವನ್ನು ಬೇಗ ತಂದರೆ, ಸಾವು ತಂದವನು ನೀನೇ ಅಂತ ಕಾನೂನು ಲೆಕ್ಕ ಹಾಕುತ್ತದೆ. "ಹೇಗಿದ್ದರೂ ಇನ್ನೆರಡು ವರ್ಷದಲ್ಲಿ ಹೋಗುತ್ತಿದ್ದ" ಅನ್ನುವ ವಾದಕ್ಕೆ ಇಲ್ಲಿ ಬೆಲೆ ಇಲ್ಲ.

ಹಾಗಾದರೆ ಊದಿದ ಗುಲ್ಮ ಆರೋಪಿಯನ್ನು ಉಳಿಸುವುದಿಲ್ಲ. ಕಾರಣ ಅವನೇ. ಸತ್ತವನ ಮನೆಯವರ ಅರ್ಧ ನಿಜ ಇಲ್ಲಿಗೆ ಗೆದ್ದಿತು. ಆದರೆ ಇಲ್ಲೇ ನಿಂತು "ಆದ್ದರಿಂದ ಇದು ಕೊಲೆ" ಅಂದರೆ ದೊಡ್ಡ ತಪ್ಪಾಗುತ್ತದೆ.

ಹೆಜ್ಜೆ 5: ಮನಸ್ಸನ್ನು ಬೇರೆಯಾಗಿ ತೂಗಿ

ಮೊದಲ ವಿವರಣೆ ಉತ್ತರಿಸುವುದು "ಸಾವು ತಂದದ್ದು ಯಾರು" ಅನ್ನುವ ಪ್ರಶ್ನೆಗೆ ಮಾತ್ರ. ನರಹತ್ಯೆ ಆಗಬೇಕಾದರೆ ಸಾವಿನ ಜೊತೆ ಉದ್ದೇಶವೋ ಅರಿವೋ ಇರಬೇಕು. ಸಾಯಿಸುವ ಉದ್ದೇಶ, ಸಾವು ತರಬಹುದಾದ ಗಾಯ ಮಾಡುವ ಉದ್ದೇಶ, ಅಥವಾ ಇದರಿಂದ ಸಾವು ಬರಬಹುದು ಅನ್ನುವ ಅರಿವು. ಸೆಕ್ಷನ್ 101ರಲ್ಲಿ ಕಾನೂನೇ ಇದಕ್ಕೊಂದು ದೃಷ್ಟಾಂತ ಕೊಟ್ಟಿದೆ. ಒಬ್ಬನಿಗೆ ಎಂಥ ಕಾಯಿಲೆ ಇದೆ, ಒಂದು ಏಟಿಗೆ ಹೋಗಿಬಿಡಬಹುದು ಅಂತ ಗೊತ್ತಿದ್ದು, ಗಾಯ ಮಾಡುವ ಉದ್ದೇಶದಿಂದಲೇ ಹೊಡೆದರೆ ಅದು ಕೊಲೆ. ಆರೋಗ್ಯವಂತ ಆ ಏಟಿಗೆ ಸಾಯದಿದ್ದರೂ ಸರಿ. ಆದರೆ ಕಾಯಿಲೆ ಗೊತ್ತಿಲ್ಲದೆ, ಆರೋಗ್ಯವಂತನನ್ನು ಸಾಯಿಸದಂಥ ಏಟು ಕೊಟ್ಟರೆ, ಸಾಯಿಸುವ ಉದ್ದೇಶವೂ ಅಂಥ ಗಂಭೀರ ಗಾಯದ ಉದ್ದೇಶವೂ ಇಲ್ಲದಿದ್ದರೆ, ಕೊಲೆ ಅಲ್ಲ.

ನಮ್ಮ ದೇಶದ ಈ ನಿಯಮಕ್ಕೆ ತಲೆಬುರುಡೆಗಿಂತ ಗುಲ್ಮವೇ ಸರಿಯಾದ ಹೆಸರು ಅಂತ ನನಗೆ ಅನಿಸುತ್ತದೆ. ಮಲೇರಿಯಾ ಮನೆಮನೆಯಲ್ಲಿದ್ದ ಕಾಲದಲ್ಲಿ ಊದಿದ ಗುಲ್ಮ ಎಲ್ಲೆಲ್ಲೂ ಇತ್ತು. ಒಂದು ಒದೆತಕ್ಕೆ ಅದು ಹರಿಯುತ್ತಿತ್ತು. ಹಳೆಯ ಹೈಕೋರ್ಟ್ ತೀರ್ಪುಗಳಲ್ಲಿ ಇಂಥ ಕೇಸುಗಳು ಬೇಕಾದಷ್ಟಿವೆ.

ಅದರಲ್ಲಿ ಆಗ್ರಾದ ಫುಲ್ಲರ್ ಪ್ರಕರಣವನ್ನು ಮರೆಯಲಾಗದು. 1875ರ ಒಂದು ಭಾನುವಾರ ಬೆಳಗ್ಗೆ ಫುಲ್ಲರ್ ಅನ್ನುವ ಇಂಗ್ಲಿಷ್ ವಕೀಲ ಮನೆಯವರ ಜೊತೆ ಚರ್ಚಿಗೆ ಹೊರಟಿದ್ದ. ಕುದುರೆಯಾಳು ಕಟ್ವಾರು ಸಮಯಕ್ಕೆ ಬಾಗಿಲಲ್ಲಿ ಇರಲಿಲ್ಲ. ಫುಲ್ಲರ್ ಅವನ ತಲೆಗೂ ಮುಖಕ್ಕೂ ಅಂಗೈಯಿಂದ ಹೊಡೆದ, ಕೂದಲು ಹಿಡಿದು ಎಳೆದ, ಅವನು ಬಿದ್ದ. ಗಾಡಿ ಚರ್ಚಿಗೆ ಹೋಯಿತು. ಕಟ್ವಾರು ಎದ್ದು ಪಕ್ಕದ ಕಾಂಪೌಂಡಿಗೆ ಹೋಗಿ ಅಲ್ಲೇ ಸತ್ತ. ಗುಲ್ಮ ಹರಿದಿತ್ತು. ಮ್ಯಾಜಿಸ್ಟ್ರೇಟ್ ಕೊಟ್ಟ ಶಿಕ್ಷೆ 30 ರೂಪಾಯಿ ದಂಡ, ಕಟ್ಟದಿದ್ದರೆ 15 ದಿನ ಸಾದಾ ಸಜೆ. ಹಣ ಕಟ್ವಾರುವಿನ ಹೆಂಡತಿಗೆ ಸೇರಬೇಕು. ವೈಸ್‌ರಾಯ್ ಲಿಟ್ಟನ್ ಮರುವರ್ಷ ಇದನ್ನು ಬಹಿರಂಗವಾಗಿ ಖಂಡಿಸಿದ, ದೇಶವಿಡೀ ಚರ್ಚೆಯಾಯಿತು.

ಈ ಕೇಸಿನಲ್ಲಿ ಎರಡು ವಿಷಯಗಳನ್ನು ಬೇರೆ ಮಾಡಿ ನೋಡಬೇಕು. ಕೊಲೆಯೋ ನರಹತ್ಯೆಯೋ ಅಲ್ಲ, ಗಾಯ ಮಾಡಿದ ಅಪರಾಧ ಅನ್ನುವ ವರ್ಗೀಕರಣ, ಕಾಯಿಲೆ ಫುಲ್ಲರ್‌ಗೆ ಗೊತ್ತಿರಲಿಲ್ಲ ಅನ್ನುವುದಾದರೆ, ಇವತ್ತಿನ ಕಾನೂನಿಗೂ ದೂರವಲ್ಲ. ಆದರೆ 30 ರೂಪಾಯಿಯ ಶಿಕ್ಷೆ ಒಬ್ಬ ಬಡ ಆಳಿನ ಜೀವಕ್ಕೆ ಆ ಆಳ್ವಿಕೆ ಕಟ್ಟಿದ ಬೆಲೆ. ಅದನ್ನು ಕಾನೂನಿನ ತಲೆಗೆ ಕಟ್ಟಲಾಗದು. ಗಾಯದ ಅಪರಾಧಕ್ಕೆ ಆಗಲೂ ಒಂದು ವರ್ಷದವರೆಗೆ ಸಜೆ ಕೊಡುವ ಅವಕಾಶ ಇತ್ತು.

ಇಂಗ್ಲೆಂಡಿನ ತೀರ್ಪುಗಳನ್ನು ಓದಿ ಬಂದವರು ಎಡವುವುದು ಇಲ್ಲೇ. ಅಲ್ಲಿ ಕಾನೂನುಬಾಹಿರವಾದ, ಅಪಾಯ ತರುವ ಏಟಿನಿಂದ ಸಾವಾದರೆ, ಸಾಯಿಸುವ ಉದ್ದೇಶವಾಗಲಿ ಅರಿವಾಗಲಿ ಇಲ್ಲದಿದ್ದರೂ ನರಹತ್ಯೆಯೇ ಆಗಬಹುದು. ನಮ್ಮಲ್ಲಿ ಹಾಗಲ್ಲ. ತೆಳು ತಲೆಬುರುಡೆ ಕಾರಣದ ಬಾಗಿಲನ್ನಷ್ಟೇ ತೆರೆಯುತ್ತದೆ. ಒಳಗಿನ ಬಾಗಿಲಿಗೆ ಬೇರೆ ಬೀಗ ಇದೆ.

ಹಾಗಾದರೆ ನಮ್ಮ ಹೊಲದ ಜಗಳ? ಒಂದೇ ಗುದ್ದು, ಬರಿ ಕೈ, ಕಾಯಿಲೆ ಗೊತ್ತಿಲ್ಲ. ನನ್ನ ಲೆಕ್ಕದಲ್ಲಿ ಇದು ಸೆಕ್ಷನ್ 115(2)ರ ಗಾಯದ ಅಪರಾಧ. ಪಕ್ಕೆಲುಬು ಮುರಿಯುವಷ್ಟು ಜೋರಾಗಿ, ಹಾಗೆ ಮುರಿಯಬಹುದು ಅಂತ ಗೊತ್ತಿದ್ದೇ ಗುದ್ದಿದ ಅಂತಾದರೆ 117(2)ರ ತೀವ್ರ ಗಾಯ, ಏಳು ವರ್ಷದವರೆಗೆ ಸಜೆ. ಈಗ ಒಂದೇ ಒಂದು ಅಂಶ ಬದಲಿಸಿ. ಗುದ್ದಿದವನು ಹೋದ ತಿಂಗಳು ಇದೇ ನೆರೆಯವನನ್ನು ಬೈಕಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ, "ಗುಲ್ಮ ಊದಿದೆ, ಹೊಟ್ಟೆಗೆ ಏಟು ಬೀಳದ ಹಾಗೆ ನೋಡ್ಕೊಳ್ಳಿ" ಅಂತ ಡಾಕ್ಟರು ಹೇಳಿದ್ದನ್ನು ಕಿವಿಯಾರೆ ಕೇಳಿದ್ದ. ಅದೇ ಗುದ್ದು, ಅದೇ ಪಕ್ಕೆ, ಅದೇ ಸಾವು. ಆದರೆ ಕೇಸು ಈಗ ಕೊಲೆಯ ಹತ್ತಿರ ಬಂದು ನಿಂತಿತು. ಹಾಗಾಗಿ ಸತ್ತವನ ಕಡೆಯವರು ಹುಡುಕಬೇಕಾದದ್ದು "ಎಷ್ಟು ಜೋರಾಗಿ ಗುದ್ದಿದ" ಅನ್ನುವುದನ್ನು ಮಾತ್ರವಲ್ಲ, "ಅವನಿಗೆ ಏನು ಗೊತ್ತಿತ್ತು" ಅನ್ನುವುದನ್ನು.

ಹೆಜ್ಜೆ 6: ನಡುವೆ ಬಂದವರು ಯಾರು?

ಗೆರೆಯ ಮಧ್ಯಕ್ಕೆ ಹೋಗಿ. ಏಟಿಗೂ ಸಾವಿಗೂ ನಡುವೆ ಡಾಕ್ಟರು ಬಂದರು, ಏಟು ತಿಂದವನೇ ಏನೋ ಮಾಡಿಕೊಂಡ, ಮೂರನೆಯವನು ಬಂದ, ಇಲ್ಲವೇ ಆಕಸ್ಮಿಕ ಬಂತು. ಒಂದೊಂದಕ್ಕೂ ಕೇಳಬೇಕಾದದ್ದು ಒಂದೇ ಪ್ರಶ್ನೆ: ಸಾಯುವ ಹೊತ್ತಿಗೆ ಮೊದಲ ಗಾಯ ಇನ್ನೂ ಕೆಲಸ ಮಾಡುತ್ತಿತ್ತೋ, ಅಥವಾ ಅದು ಬರೀ ಹಿಂದಿನ ಕತೆಯಾಗಿ ಉಳಿದಿತ್ತೋ?

ಡಾಕ್ಟರ ವಿಷಯದಲ್ಲಿ ನಮ್ಮ ಕಾನೂನು ಖಚಿತವಾಗಿದೆ. ಸೆಕ್ಷನ್ 100ರ ಎರಡನೇ ವಿವರಣೆ ಹೇಳುವುದು ಇಷ್ಟು: ಗಾಯದಿಂದ ಸಾವಾದರೆ, ಸರಿಯಾದ ಔಷಧ, ನುರಿತ ಚಿಕಿತ್ಸೆ ಸಿಕ್ಕಿದ್ದರೆ ಉಳಿಯುತ್ತಿದ್ದ ಅಂತಾದರೂ, ಸಾವು ತಂದವನು ಗಾಯ ಮಾಡಿದವನೇ. ಮೊದಲ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಕಳಿಸಿದ್ದು ತಪ್ಪೇ ಇರಬಹುದು, ಅದಕ್ಕೆ ಬೇರೆ ದಾರಿ ಇದೆ. ಆರೋಪಿಯ ಸರಪಳಿ ಅದರಿಂದ ತುಂಡಾಗದು. ಆಪರೇಷನ್ ಆದ ಮೇಲೆ ಬಂದ ಸೋಂಕೂ ಹಾಗೆಯೇ, ಅದು ಆ ಗಾಯದ ದಾರಿಯಲ್ಲೇ ಬಂದದ್ದಾದರೆ.

ಆದರೆ ವಿವರಣೆಯ ಮೊದಲ ಮಾತನ್ನು ಗಮನಿಸಿ: "ಗಾಯದಿಂದ ಸಾವಾದರೆ". ಸಾವು ಗಾಯದಿಂದಲೇ ಆಗಿಲ್ಲದಿದ್ದರೆ ಈ ವಿವರಣೆ ಕೈಗೇ ಬರುವುದಿಲ್ಲ. ಇಂಗ್ಲೆಂಡಿನ 1956ರ ಜೋರ್ಡಾನ್ ಪ್ರಕರಣ ಅಂಥದ್ದು. ಚೂರಿ ಇರಿತದ ಗಾಯ ಹೆಚ್ಚುಕಡಿಮೆ ಮಾಗಿತ್ತು. ರೋಗಿಗೆ ಒಗ್ಗುವುದಿಲ್ಲ ಅಂತ ಗೊತ್ತಾದ ಮೇಲೂ ಅದೇ ಔಷಧವನ್ನು ಮತ್ತೆ ಕೊಟ್ಟರು, ಅವನು ಸತ್ತ. ಕೊಲೆಯ ಶಿಕ್ಷೆ ರದ್ದಾಯಿತು. ಮೂರೇ ವರ್ಷದ ನಂತರ, 1959ರ ಸ್ಮಿತ್ ಪ್ರಕರಣದಲ್ಲಿ, ಬಯೋನೆಟ್ ಇರಿತಕ್ಕೆ ಸಿಕ್ಕ ಸೈನಿಕನನ್ನು ಹೊತ್ತುಕೊಂಡು ಹೋಗುವಾಗ ಎರಡು ಸಲ ಬೀಳಿಸಿದರು, ಚಿಕಿತ್ಸೆಯೂ ಕೆಟ್ಟದಾಗಿತ್ತು. ಆದರೂ ಕೊಲೆಯ ಶಿಕ್ಷೆ ನಿಂತಿತು, ಯಾಕೆಂದರೆ ಸಾಯುವಾಗ ಆ ಗಾಯ ಇನ್ನೂ ಸಾಯಿಸುತ್ತಲೇ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡರೆ ಗೆರೆ ಎಲ್ಲಿದೆ ಅಂತ ಕಾಣುತ್ತದೆ. ಡಾಕ್ಟರು ಎಷ್ಟು ತಪ್ಪು ಮಾಡಿದರು ಅನ್ನುವುದಕ್ಕಿಂತ ಗಾಯ ಎಷ್ಟು ಮಾಗಿತ್ತು ಅನ್ನುವುದು ಮುಖ್ಯ. ಕೇಸ್ ಶೀಟಿನಲ್ಲಿ ಹುಡುಕಬೇಕಾದದ್ದೂ ಅದನ್ನೇ.

ದಿನ ಕಳೆದದ್ದೇ ಸರಪಳಿಯನ್ನು ಕಡಿಯುವುದಿಲ್ಲ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಒಂದು ವರ್ಷ ಒಂದು ದಿನದ ಗಡುವು ಇತ್ತು, ನಮ್ಮ ಸಂಹಿತೆಯಲ್ಲಿ ಅದಿಲ್ಲ. ಛತ್ತೀಸ್‌ಗಢದ ಪ್ರಸಾದ್ ಪ್ರಧಾನ್ ಪ್ರಕರಣದಲ್ಲಿ ತಲೆಗೆ ಏಟು ಬಿದ್ದವನು ಸುಮಾರು 20 ದಿನ ಬದುಕಿದ್ದು ಆಮೇಲೆ ಸತ್ತ. ಅಷ್ಟು ದಿನ ಬದುಕಿದ್ದ ಅನ್ನುವ ಒಂದೇ ಕಾರಣಕ್ಕೆ ಅಪರಾಧ ಹಗುರಾಗದು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿ ಕೊಲೆಯ ಶಿಕ್ಷೆಯನ್ನು ಎತ್ತಿಹಿಡಿಯಿತು.

ಏಟು ತಿಂದವನೇ ಚಿಕಿತ್ಸೆ ಬೇಡ ಅಂದರೆ? ಡಾಕ್ಟರ ಮಾತು ಮೀರಿ ಸಹಿ ಹಾಕಿ ಮನೆಗೆ ಬರುವುದು ನಮ್ಮಲ್ಲಿ ಬಹಳ. ದುಡ್ಡು ಇರುವುದಿಲ್ಲ, ಭಯ ಇರುತ್ತದೆ, ಮನೆಯಲ್ಲಿ ಹಸು ನೋಡಿಕೊಳ್ಳುವವರಿರುವುದಿಲ್ಲ. ಇಂಗ್ಲೆಂಡಿನ 1975ರ ಬ್ಲೌ ಪ್ರಕರಣದಲ್ಲಿ ಚೂರಿ ಇರಿತಕ್ಕೆ ಸಿಕ್ಕ 18 ವರ್ಷದ ಹುಡುಗಿ ತನ್ನ ಧರ್ಮ ಒಪ್ಪುವುದಿಲ್ಲ ಅಂತ ರಕ್ತ ತೆಗೆದುಕೊಳ್ಳಲಿಲ್ಲ, ಸತ್ತಳು. ಏಟು ತಿಂದವರನ್ನು ಇದ್ದ ಹಾಗೆ ಒಪ್ಪಬೇಕು ಅನ್ನುವುದು ಮೈಗೆ ಮಾತ್ರವಲ್ಲ, ನಂಬಿಕೆಗೂ ಸೇರುತ್ತದೆ ಅಂತ ಕೋರ್ಟ್ ಹೇಳಿತು. ನಮ್ಮ ಎರಡನೇ ವಿವರಣೆಯ ಮಾತುಗಳೂ ಚಿಕಿತ್ಸೆ ಯಾರ ತಪ್ಪಿನಿಂದ ಸಿಗಲಿಲ್ಲ ಅಂತ ಕೇಳುವುದಿಲ್ಲ. ಗಾಯವೇ ಸಾಯಿಸಿತಾ ಅನ್ನುವುದಷ್ಟೇ ಪ್ರಶ್ನೆ.

ಭಯದಿಂದ ಓಡಿ ಸತ್ತ ಕೇಸುಗಳು ಇದಕ್ಕಿಂತ ಸೂಕ್ಷ್ಮ. 1979ರ ಜೋಗಿಂದರ್ ಸಿಂಗ್ ಪ್ರಕರಣ ಪಂಜಾಬಿನದ್ದು. ಆರೋಪಿಗಳು ಅಟ್ಟಿಸಿಕೊಂಡು ಬಂದಾಗ ಒಬ್ಬ ಬಾವಿಗೆ ಹಾರಿ ಸತ್ತ. ಹಿಂದೆ ಬರುತ್ತಿದ್ದವರು 15–20 ಅಡಿ ದೂರದಲ್ಲಿದ್ದರು. ಬೇರೆ ದಾರಿಯೇ ಇಲ್ಲದ ಹಾಗೆ ಅವನನ್ನು ಬಾವಿಗೆ ಅಟ್ಟಿದರು ಅಂತ ಸಾಬೀತಾಗಿದ್ದರೆ ಮಾತು ಬೇರೆ ಇತ್ತು, ಇಲ್ಲಿ ಹಾಗೆ ತೋರಿಸಿಲ್ಲ ಅಂತ ಸುಪ್ರೀಂ ಕೋರ್ಟ್ ಆ ಸಾವನ್ನು ಕೊಲೆ ಅನ್ನಲಿಲ್ಲ. ಹಾಗಾಗಿ ಇಂಥ ಕೇಸಿನಲ್ಲಿ ಸ್ಥಳದ ನಕ್ಷೆಯೇ ಜೀವಾಳ. ಬಾವಿಯ ಸುತ್ತ ಬೇಲಿ ಇತ್ತೇ, ಬಲಕ್ಕೆ ಓಡಲು ಜಾಗ ಇತ್ತೇ, ಬೆಳಕಿತ್ತೇ, ಕೈಯಲ್ಲಿ ಏನಿತ್ತು, ಎಷ್ಟು ಅಡಿ ಹಿಂದಿದ್ದರು. ಮಹಜರಿನಲ್ಲಿ ಇದಿಲ್ಲದಿದ್ದರೆ ಎರಡೂ ಕಡೆಯವರು ಗಾಳಿಯಲ್ಲಿ ಗುದ್ದಾಡಬೇಕಾಗುತ್ತದೆ.

ಇನ್ನು ಆಕಸ್ಮಿಕ. ನಮ್ಮವನನ್ನು ದೊಡ್ಡ ಆಸ್ಪತ್ರೆಗೆ ಒಯ್ಯುವಾಗ ಆಂಬುಲೆನ್ಸ್‌ಗೆ ಲಾರಿ ಗುದ್ದಿ, ತಲೆಗೆ ಪೆಟ್ಟು ಬಿದ್ದು ಸತ್ತಿದ್ದರೆ? ಗುದ್ದಿಲ್ಲದಿದ್ದರೆ ಅವನು ಆ ಆಂಬುಲೆನ್ಸ್ ಹತ್ತುತ್ತಿರಲಿಲ್ಲ, ನಿಜ. ಆದರೆ ಸಾಯಿಸಿದ್ದು ಹರಿದ ಗುಲ್ಮ ಅಲ್ಲ, ಲಾರಿ. ಸರಪಳಿ ಅಲ್ಲಿ ಕಡಿಯಿತು. ಉಳಿಯುವುದು ಗುದ್ದಿದ್ದರ ಹೊಣೆ ಮಾತ್ರ.

ಹೆಜ್ಜೆ 7: ಕಾಗದದಲ್ಲಿ ತೋರಿಸಿ

ಮೇಲಿನ ಆರೂ ಹೆಜ್ಜೆ ಸರಿಯಾಗಿದ್ದೂ ಕೇಸು ಬೀಳುವುದುಂಟು. 1964ರಲ್ಲಿ ವರದಿಯಾದ ಮೋತಿ ಸಿಂಗ್ ಪ್ರಕರಣದಲ್ಲಿ ಒಬ್ಬನಿಗೆ ಹೊಟ್ಟೆಗೆ ಗುಂಡೇಟು ಬಿತ್ತು. ಆಸ್ಪತ್ರೆಯಲ್ಲಿದ್ದ, ಆಮೇಲೆ ಹೊರಗೆ ಬಂದ. ಗುಂಡು ಬಿದ್ದದ್ದು ಫೆಬ್ರುವರಿ 9ಕ್ಕೆ, ಸತ್ತದ್ದು ಮಾರ್ಚ್ 1ಕ್ಕೆ. ಪೋಸ್ಟ್‌ಮಾರ್ಟಂ ಇಲ್ಲದೆ ಶವವನ್ನು ಸುಟ್ಟುಬಿಟ್ಟರು. ಗಾಯ ಜೀವಕ್ಕೆ ಅಪಾಯದ್ದೇ ಇರಬಹುದು, ಆದರೆ ಆ ಗಾಯದಿಂದಲೇ ಸತ್ತ ಅನ್ನುವುದಕ್ಕೆ ಸಾಕ್ಷಿ ಇಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಅಷ್ಟೇ ಅಲ್ಲ. ಸತ್ತವನು ಮೊದಲು ಕೊಟ್ಟಿದ್ದ ಹೇಳಿಕೆಯೂ ಮರಣ ಹೇಳಿಕೆಯಾಗಿ ನಿಲ್ಲಲಿಲ್ಲ. ಮರಣ ಹೇಳಿಕೆ ಅನ್ನಿಸಿಕೊಳ್ಳಬೇಕಾದರೆ ಅದು ಅವನ ಸಾವಿನ ಕಾರಣದ ಬಗ್ಗೆ ಇರಬೇಕು, ಇಲ್ಲಿ ಕಾರಣವೇ ಸಾಬೀತಾಗಿರಲಿಲ್ಲ.

ಹಾಗಾಗಿ ಹೊಡೆದಾಟದಲ್ಲಿ ಏಟು ತಿಂದವರು ಎಷ್ಟೇ ದಿನ ಬಿಟ್ಟು ಮನೆಯಲ್ಲಿ ತೀರಿಕೊಂಡರೂ, ದುಃಖದ ನಡುವೆಯೂ, ಮಣ್ಣು ಮಾಡುವ ಮೊದಲು ಠಾಣೆಗೆ ತಿಳಿಸಿ. ಮೊದಲು ಗಾಯದ ಕೇಸಾಗಿ ದಾಖಲಾಗಿದ್ದರೆ, ಸಾವಿನ ಸೆಕ್ಷನ್ ಸೇರಿಸಲು ಪೊಲೀಸರು ಮ್ಯಾಜಿಸ್ಟ್ರೇಟರಿಗೆ ಮನವಿ ಕೊಡುತ್ತಾರೆ. ಕೊಟ್ಟರೇ ಅಂತ ವಿಚಾರಿಸಿ.

ನಮ್ಮ ಉದಾಹರಣೆಯಲ್ಲಿ ಇನ್ನೊಂದು ಬಲೆ ಇದೆ. ಪೋಸ್ಟ್‌ಮಾರ್ಟಂ ಮಾಡುವ ವೈದ್ಯರ ಮುಂದೆ ಗುಲ್ಮವೇ ಇರುವುದಿಲ್ಲ, ಎಂಟು ದಿನದ ಹಿಂದೆಯೇ ಅದನ್ನು ತೆಗೆದಾಗಿದೆ. ವರದಿಯಲ್ಲಿ ಅವರು "ಗುಲ್ಮ ಇಲ್ಲ, ಆಪರೇಷನ್ ಆದ ಗುರುತು ಇದೆ, ಸೋಂಕಿನಿಂದ ಸಾವು" ಅಂತ ಬರೆಯುತ್ತಾರೆ. ಅಷ್ಟನ್ನೇ ಓದಿದರೆ ಗುದ್ದು ಎಲ್ಲೂ ಕಾಣುವುದಿಲ್ಲ. ಹರಿದ ಗುಲ್ಮವನ್ನು ಕಣ್ಣಾರೆ ಕಂಡವರು ಆಪರೇಷನ್ ಮಾಡಿದ ಸರ್ಜನ್. ಅದು ಎಷ್ಟು ಊದಿತ್ತು ಅನ್ನುವುದು ಆಸ್ಪತ್ರೆಯ ಲ್ಯಾಬಿನ ಬಯಾಪ್ಸಿ ವರದಿಯಲ್ಲಿರುತ್ತದೆ. ದೊಡ್ಡವರ ಗುಲ್ಮ ಸಾಮಾನ್ಯವಾಗಿ 150 ಗ್ರಾಂ ಆಸುಪಾಸು. ವರದಿಯಲ್ಲಿ 600 ಗ್ರಾಂ ಅಂತಿದ್ದರೆ ಅದು ಮೊದಲೇ ಕಾಯಿಲೆಯದ್ದು. ಚಾರ್ಜ್‌ಶೀಟ್‌ನಲ್ಲಿ ಸರ್ಜನ್ ಸಾಕ್ಷಿಯಾಗಿ ಇದ್ದಾರಾ, ಲ್ಯಾಬ್ ವರದಿ ಸೇರಿದೆಯಾ ಅಂತ ಮೊದಲ ದಿನವೇ ನೋಡಿ. ಇಲ್ಲದಿದ್ದರೆ ಸರಕಾರಿ ವಕೀಲರ ಗಮನಕ್ಕೆ ತನ್ನಿ.

ಆಮೇಲೆ ಪೋಸ್ಟ್‌ಮಾರ್ಟಂ ಮಾಡಿದ ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳು ಎರಡು, ಬೇರೆ ಬೇರೆಯಾಗಿ. ಈ ಸೋಂಕು ಆ ಗಾಯದ, ಆ ಆಪರೇಷನ್ನಿನ ದಾರಿಯಲ್ಲೇ ಬಂದದ್ದಾ? ಆರೋಗ್ಯವಂತನಿಗೆ ಇದೇ ಗುದ್ದು ಬಿದ್ದಿದ್ದರೆ ಸಾಮಾನ್ಯವಾಗಿ ಏನಾಗುತ್ತಿತ್ತು? ಮೊದಲನೆಯದು ಕಾರಣಕ್ಕೆ, ಎರಡನೆಯದು ಅಪರಾಧದ ತೂಕಕ್ಕೆ. ಎರಡನ್ನೂ ಸೇರಿಸಿ "ಗುದ್ದಿನಿಂದ ಸಾವು ಬರಬಹುದಾ?" ಅಂತ ಒಂದೇ ಪ್ರಶ್ನೆ ಕೇಳಿದರೆ ವೈದ್ಯರು "ಬರಬಹುದು" ಅನ್ನುತ್ತಾರೆ. ಆ ಒಂದು ಪದವನ್ನು ಹಿಡಿದು ಎರಡು ಕಡೆಯವರೂ ಹೈಕೋರ್ಟಿನವರೆಗೆ ಎಳೆದಾಡುತ್ತಾರೆ.